ಹಾಲ್‌ನ ಫೋಟೊದಲ್ಲಿ ಹೊಸ ಸೋಫಾ ಒಗ್ಗದಿದ್ದರೆ: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ಕರಾವಳಿಯ ತೇವದ ಗಾಳಿಗೆ ರೆಕ್ಸಿನ್ ಸೋಫಾ ಹೆಚ್ಚು ವರ್ಷ ತಡೆಯುವುದಿಲ್ಲ. ಮೊದಲು ಕೈಯ ಅಂಚಿನಲ್ಲಿ, ಆಮೇಲೆ ಸೀಟಿನ ಮೇಲೆ ಅದು ಸಿಪ್ಪೆ ಏಳತೊಡಗುತ್ತದೆ. ಹೊಸದನ್ನು ಕೊಳ್ಳುವ ಮೊದಲು ಅಂಗಡಿಯವರ ಚಿತ್ರದಿಂದ ಸೋಫಾವನ್ನು ಕತ್ತರಿಸಿ, ಮನೆಯ ಹಾಲ್‌ನ ಫೋಟೊದಲ್ಲಿ ಹಳೆಯದರ ಜಾಗಕ್ಕೆ ಕೂರಿಸಿ ನೋಡುವವರು ಈಗ ಅನೇಕರಿದ್ದಾರೆ. ಅಂಚು ನೀಟಾಗಿ ಕತ್ತರಿಸಿರುತ್ತಾರೆ, ಬಣ್ಣವೂ ಹೊಂದಿರುತ್ತದೆ, ಆದರೂ ಚಿತ್ರ ನೋಡಿದ ಕೂಡಲೇ ಸೋಫಾ ಆ ಕೋಣೆಯದ್ದಲ್ಲ ಎಂದು ಗೊತ್ತಾಗುತ್ತದೆ. ಆಗ ಹೆಚ್ಚಿನವರು ನೆರಳನ್ನೋ ಬೆಳಕನ್ನೋ ತಿದ್ದಲು ಕುಳಿತುಕೊಳ್ಳುತ್ತಾರೆ. ನಾನು ನೋಡಿದ ಇಂಥ ಚಿತ್ರಗಳಲ್ಲಿ ದೋಷವು ಹೆಚ್ಚಾಗಿ ಅಲ್ಲಿ ಇರುವುದಿಲ್ಲ. ಕೋಣೆಯ ಫೋಟೊ ತೆಗೆದ ಕ್ಯಾಮೆರಾ ಒಂದು ಎತ್ತರದಲ್ಲಿತ್ತು, ಸೋಫಾದ ಚಿತ್ರ ತೆಗೆದ ಕ್ಯಾಮೆರಾ ಇನ್ನೊಂದು ಎತ್ತರದಲ್ಲಿತ್ತು ಎಂಬುದೇ ಮೂಲ ಕಾರಣವಾಗಿರುತ್ತದೆ.

ಉದಾಹರಣೆಗಾಗಿ ಮಂಗಳೂರಿನ ಬಿಜೈಯ ಒಂದು ಫ್ಲ್ಯಾಟಿನ ಹಾಲ್ ಅನ್ನು ಉದ್ದಕ್ಕೂ ಇಟ್ಟುಕೊಳ್ಳುತ್ತೇನೆ. ನೆಲಕ್ಕೆ 2 ಅಡಿ ಚೌಕದ ವಿಟ್ರಿಫೈಡ್ ಟೈಲ್ಸ್ ಹಾಕಿದೆ. ಹಿಂದಿನ ಗೋಡೆಗೆ ತಾಗಿದಂತೆ ಮೂರು ಜನ ಕೂರುವ ಹಳೆಯ ಸೋಫಾ ಇದೆ. ಎದುರು ನಿಂತು ಮೊಬೈಲನ್ನು ಕಣ್ಣಿನ ನೇರಕ್ಕೆ, ಅಂದರೆ ಸುಮಾರು 5 ಅಡಿ ಎತ್ತರದಲ್ಲಿ ಹಿಡಿದು ಫೋಟೊ ತೆಗೆಯಲಾಗಿದೆ. ಕೂರಿಸಬೇಕಾದ ಹೊಸ ಸೋಫಾ 7 ಅಡಿ ಅಗಲ, 3 ಅಡಿ ಎತ್ತರದ್ದು. ಅದರ ಕೈ 2 ಅಡಿ ಎತ್ತರವಿದೆ, ಮರದ ನಾಲ್ಕು ಕಾಲುಗಳಿವೆ. ಮುಂಗಾಲುಗಳ ನಡುವೆ 6 ಅಡಿ, ಮುಂಗಾಲಿನಿಂದ ಹಿಂಗಾಲಿಗೆ ಎರಡೂವರೆ ಅಡಿ. ಕೆಲಸಕ್ಕೆ ಬಳಸಿದ್ದು ಉಚಿತವಾಗಿ ಸಿಗುವ, ಫೋಟೊ ತಿದ್ದುವ ತಂತ್ರಾಂಶ GIMP. ಮೂಲ ಫೋಟೊವನ್ನು ಮುಟ್ಟದೆ ಅದರ ಪ್ರತಿಯ ಮೇಲೆ ಕೆಲಸ ಮಾಡಿ, ಒಂದರ ಮೇಲೊಂದು ಇರುವ ಚಿತ್ರದ ಪದರಗಳು, ಅಂದರೆ ಲೇಯರ್‌ಗಳು ಉಳಿಯುವಂತೆ .xcf ಕಡತವಾಗಿ ಉಳಿಸಿಕೊಳ್ಳಬೇಕು. ಲೇಯರ್‌ಗಳು ಒಂದಾಗಿಬಿಟ್ಟ ಮೇಲೆ ಮುಂದೆ ಹೇಳುವ ಯಾವ ಪರೀಕ್ಷೆಯನ್ನೂ ಮಾಡಲಾಗುವುದಿಲ್ಲ.

ಯಾವ ಲಕ್ಷಣವಿದ್ದರೂ ಮೊದಲು ಹುಡುಕಬೇಕಾದ ಗೆರೆ

ಕ್ಯಾಮೆರಾ ಇದ್ದ ಎತ್ತರದಲ್ಲಿ ಚಿತ್ರದ ಅಡ್ಡಕ್ಕೆ ಒಂದು ಗೆರೆ ಇದೆಯೆಂದು ಭಾವಿಸಿ. ಇದನ್ನು ಇಲ್ಲಿ ಕಣ್ಮಟ್ಟದ ಗೆರೆ ಎನ್ನುತ್ತೇನೆ. ನೆಲಕ್ಕೆ ಸಮಾನಾಂತರವಾಗಿ ದೂರಕ್ಕೆ ಓಡುವ ಗೆರೆಗಳನ್ನೆಲ್ಲ ಮುಂದುವರಿಸಿದರೆ ಅವು ಈ ಗೆರೆಯ ಮೇಲೆಯೇ ಬಂದು ಕೂಡುತ್ತವೆ. ಹುಡುಕುವುದು ಸುಲಭ. GIMP ನಲ್ಲಿ ಹೊಸ ಖಾಲಿ ಲೇಯರ್ ತೆರೆದು, ಪೆನ್ಸಿಲ್‌ನಿಂದ ಟೈಲ್ಸ್‌ನ ಒಂದು ಸಂದಿನ ಹತ್ತಿರದ ತುದಿಯಲ್ಲಿ ಕ್ಲಿಕ್ ಮಾಡಿ, Shift ಒತ್ತಿ ಹಿಡಿದು, ಕಾಣುವ ಗೆರೆಯು ಆ ಸಂದಿನ ಮೇಲೆಯೇ ಮಲಗುವಂತೆ ನೋಡಿಕೊಂಡು ಮೇಲಕ್ಕೆ ದೂರ ಒಯ್ದು ಇನ್ನೊಮ್ಮೆ ಕ್ಲಿಕ್ ಮಾಡಬೇಕು. ಇನ್ನೊಂದು ಸಂದಿಗೂ ಹಾಗೆಯೇ ಮಾಡಿದರೆ ಎರಡೂ ಕೂಡುವ ಬಿಂದು ಸಿಗುತ್ತದೆ. ಆ ಬಿಂದುವಿನ ಮೂಲಕ ಅಡ್ಡಲಾಗಿ ಗೈಡ್ ಎಂಬ ಗುರುತಿನ ಗೆರೆಯೊಂದನ್ನು ಎಳೆದುಕೊಂಡರೆ ಸಾಕು. 7 ಅಡಿಯ ಬಾಗಿಲೊಂದು ಚಿತ್ರದಲ್ಲಿದ್ದರೆ ಗೆರೆಯು ಅದರ 5 ಅಡಿಯ ಆಸುಪಾಸಿನಲ್ಲಿ ಹಾದುಹೋಗಬೇಕು. ಹೋಗದಿದ್ದರೆ ಎಲ್ಲೋ ಸಂದು ತಪ್ಪಿ ಹಿಡಿದಿದ್ದೀರಿ ಎಂದರ್ಥ.

ಉಡುಪಿ ಕಡೆಯ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲಿ ಸಂದುಗಳೇ ಇರುವುದಿಲ್ಲ. ಅಲ್ಲಿ ಪಕ್ಕದ ಗೋಡೆಗಳ ಬುಡದ ಪಟ್ಟಿ, ಕಿಟಕಿಯ ದಂಡೆ, ಗೋಡೆಗೆ ಸಮನಾಗಿಟ್ಟ ಟೀಪಾಯಿಯ ಅಂಚು ಇವುಗಳನ್ನು ಹಿಡಿಯಬೇಕು. ಹೆಂಚಿನ ಮಾಡಿನ ಪಕ್ಕಾಸುಗಳು ಕಣ್ಣಿಗೆ ಚೆನ್ನಾಗಿ ಬೀಳುತ್ತವೆ, ಆದರೆ ಅವು ಇಳಿಜಾರಾಗಿರುವುದರಿಂದ ಅವು ಕೂಡುವ ಬಿಂದು ಕಣ್ಮಟ್ಟದ ಗೆರೆಯ ಮೇಲೆ ಬರುವುದಿಲ್ಲ. ಅವುಗಳನ್ನು ನಂಬಬಾರದು.

ಸೋಫಾದ ಚಿತ್ರದಲ್ಲಿ ಹಿನ್ನೆಲೆ ಬಿಳಿಯಾಗಿದ್ದು ನೆಲವೇ ಕಾಣುವುದಿಲ್ಲವಾದರೂ ಗೆರೆಗಳು ಇದ್ದೇ ಇರುತ್ತವೆ. ಎಡ ಮುಂಗಾಲು ನೆಲ ಮುಟ್ಟುವ ಜಾಗದಿಂದ ಎಡ ಹಿಂಗಾಲು ನೆಲ ಮುಟ್ಟುವ ಜಾಗಕ್ಕೆ ಒಂದು ಗೆರೆ, ಬಲಕ್ಕೂ ಹಾಗೆಯೇ ಒಂದು. ಕೈಗಳ ಮೇಲಂಚು ನೇರವಾಗಿದ್ದರೆ ಅವನ್ನೂ ಸೇರಿಸಿಕೊಳ್ಳಬಹುದು. ಕುಶನ್‌ಗಳ ಅಂಚು ಉಬ್ಬಿರುವುದರಿಂದ ಉಪಯೋಗಕ್ಕಿಲ್ಲ.

ಬಿಜೈಯ ಫೋಟೊದಲ್ಲಿ ಮುಂಗಾಲು ನೆಲ ಮುಟ್ಟಬೇಕಾದ ಜಾಗದಿಂದ ಕಣ್ಮಟ್ಟದ ಗೆರೆಗೆ 1200 ಪಿಕ್ಸೆಲ್ ಇತ್ತು. ಕ್ಯಾಮೆರಾ 5 ಅಡಿ ಎತ್ತರದಲ್ಲಿದ್ದುದರಿಂದ ಆ ದೂರದಲ್ಲಿ 1 ಅಡಿಗೆ 240 ಪಿಕ್ಸೆಲ್ ಎಂದಾಯಿತು. ಅಂಗಡಿಯ ಚಿತ್ರದಲ್ಲಿ ಮುಂಗಾಲುಗಳ ನಡುವಿನ 6 ಅಡಿಗೆ 1200 ಪಿಕ್ಸೆಲ್ ಇತ್ತು, ಅಂದರೆ ಅಡಿಗೆ 200. ಕಾಲುಗಳ ಮೇಲೆ ಎಳೆದ ಗೆರೆಗಳು ಮುಂಗಾಲಿನಿಂದ 500 ಪಿಕ್ಸೆಲ್ ಮೇಲೆ ಕೂಡಿದವು. 500 ಅನ್ನು 200ರಿಂದ ಭಾಗಿಸಿದರೆ ಎರಡೂವರೆ ಅಡಿ. ಕೋಣೆಯನ್ನು ನೋಡಿದ ಕಣ್ಣು 5 ಅಡಿಯಲ್ಲಿ, ಸೋಫಾವನ್ನು ನೋಡಿದ ಕಣ್ಣು ಎರಡೂವರೆ ಅಡಿಯಲ್ಲಿ. ಮುಂದಿನ ಲಕ್ಷಣಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಈ ಎರಡು ಅಂಕಿಗಳಲ್ಲಿದೆ.

ಸೋಫಾ ಕೋಣೆಗೆ ತೀರಾ ದೊಡ್ಡದಾಗಿ ಅಥವಾ ಬೊಂಬೆಯ ಸಾಮಾನಿನಂತೆ ಕಾಣುತ್ತದೆ

ಇದು ಎಲ್ಲಕ್ಕಿಂತ ಅಗ್ಗದ ದೋಷ. ಕಣ್ಣಂದಾಜಿನಲ್ಲಿ ಹಿಗ್ಗಿಸಿದ್ದೇ ಕಾರಣ. ಅದರಲ್ಲೂ ಹಳೆಯ ಸೋಫಾ ಪೂರ್ತಿ ಮುಚ್ಚಿಹೋಗಲೆಂದು ಹೊಸದನ್ನು ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡುತ್ತ ಹೋಗುವುದು ಬಹಳ ಸಾಮಾನ್ಯ. ಅಡಿಗೆ 240 ಪಿಕ್ಸೆಲ್ ಎಂಬ ಲೆಕ್ಕ ಕೈಯಲ್ಲಿರುವಾಗ ಅಂದಾಜಿನ ಅಗತ್ಯವಿಲ್ಲ. 6 ಅಡಿ ದೂರದ ಮುಂಗಾಲುಗಳು ಫೋಟೊದಲ್ಲಿ 1440 ಪಿಕ್ಸೆಲ್ ದೂರ ಇರಬೇಕು, ಅಂದರೆ ಸೋಫಾವನ್ನು 120 ಪ್ರತಿಶತಕ್ಕೆ ಹಿಗ್ಗಿಸಬೇಕು. ಮುಂದಿನಿಂದ ಕಾಣುವ ಕೈ 2 ಅಡಿ ಎತ್ತರವಾದ್ದರಿಂದ 480 ಪಿಕ್ಸೆಲ್ ಬರಬೇಕು. ಅಗಲ ಸರಿಬಂದು ಎತ್ತರ ಸರಿಬರದಿದ್ದರೆ ಹಿಗ್ಗಿಸುವಾಗ ಅಗಲ ಮತ್ತು ಎತ್ತರಗಳ ಕೊಂಡಿ ಬಿಟ್ಟುಹೋಗಿದೆ ಎಂದು ತಿಳಿಯಬೇಕು.

ಅಂಗಡಿಯ ಚಿತ್ರ ಸಣ್ಣದಾಗಿದ್ದು ಹಿಗ್ಗಿಸಿದಾಗ ಮಸುಕಾದರೆ ಸೋಫಾವನ್ನು ಹಿಗ್ಗಿಸುವ ಬದಲು ಕೋಣೆಯ ಫೋಟೊವನ್ನೇ ಕಿರಿದು ಮಾಡುವುದು ಒಳ್ಳೆಯದು. ಸರಿಯಾದ ಅಳತೆಯಲ್ಲಿ ಕೂರಿಸಿದ ಮೇಲೆ ಹಳೆಯ ಸೋಫಾದ ಅಂಚು ಹೊರಗೆ ಇಣುಕಿದರೆ ಅದು ಅಳತೆಯ ತಪ್ಪಲ್ಲ. ಫೋನನ್ನು ಕದಲಿಸದೆ, ಹಳೆಯ ಸೋಫಾವನ್ನು ಬದಿಗೆ ಸರಿಸಿ ಖಾಲಿ ಜಾಗದ ಇನ್ನೊಂದು ಫೋಟೊ ತೆಗೆದುಕೊಂಡರೆ ಇಣುಕುವ ಭಾಗಗಳನ್ನು ಅದರಿಂದ ತುಂಬಬಹುದು. ಇಷ್ಟು ಮಾಡಿಕೊಂಡವರಿಗೆ ಕ್ಲೋನ್ ಸಾಧನದಲ್ಲಿ ಗಂಟೆಗಟ್ಟಲೆ ಟೈಲ್ಸ್ ಬಿಡಿಸುವ ಕೆಲಸ ತಪ್ಪುತ್ತದೆ. ಸೋಫಾ ಸರಿಸಲು ಇಬ್ಬರಾದರೂ ಬೇಕು, ಕಾಲಿನಡಿಗೆ ಹಳೆಯ ಗೋಣಿಯನ್ನೋ ಬೆಡ್‌ಶೀಟನ್ನೋ ಹಾಕಿ ಎಳೆಯಬೇಕು. ರೆಡ್ ಆಕ್ಸೈಡ್ ನೆಲದ ಮೇಲೆ ಎಳೆದ ಗೀರು ಮತ್ತೆ ಹೋಗುವುದಿಲ್ಲ.

ಸೋಫಾ ನೆಲದಿಂದ ಎದ್ದು ತೇಲುತ್ತಿರುವಂತೆ ಕಾಣುತ್ತದೆ

ಮೊದಲು ಕಾಲುಗಳ ಬುಡವನ್ನು ದೊಡ್ಡದು ಮಾಡಿ ನೋಡಿ. ನೆಲ ಮುಟ್ಟುವ ಜಾಗದಲ್ಲಿ ಪ್ರತಿಯೊಂದು ಕಾಲಿನ ಅಡಿಗೂ ಒಂದು ಕಿರಿದಾದ ಗಾಢ ನೆರಳು ಇರಲೇಬೇಕು. ಮಳೆಗಾಲದ ಮೋಡದ ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಬೇರೆ ಯಾವ ನೆರಳೂ ಸ್ಪಷ್ಟವಾಗಿ ಕಾಣದಿದ್ದರೂ ಇದೊಂದು ಕಾಣುತ್ತದೆ. ಹೊಳೆಯುವ ಟೈಲ್ಸ್ ಆಗಿದ್ದರೆ ಕಾಲಿನ ಪ್ರತಿಬಿಂಬವೂ ಬುಡದಿಂದಲೇ ಕೆಳಮುಖವಾಗಿ ಹೊರಡಬೇಕು. ಇಡೀ ಸೋಫಾವನ್ನು ತಲೆಕೆಳಗು ಮಾಡಿ ಕೆಳಗೆ ಅಂಟಿಸಿದರೆ ಮುಂಗಾಲಿನ ಪ್ರತಿಬಿಂಬ ಹೊಂದುತ್ತದೆ, ಹಿಂಗಾಲಿನದ್ದು ಹೊಂದುವುದಿಲ್ಲ. ಅದರ ಬುಡ ಬೇರೆ ಮಟ್ಟದಲ್ಲಿರುವುದರಿಂದ ಅದನ್ನು ಪ್ರತ್ಯೇಕವಾಗಿ ಮಾಡಬೇಕು.

ನೆರಳು ಸರಿಯಿದ್ದೂ ತೇಲುತ್ತಿದ್ದರೆ ಮುಂಗಾಲುಗಳನ್ನು ಬಿಟ್ಟು ಹಿಂಗಾಲುಗಳನ್ನು ನೋಡಬೇಕು. ಮುಂಗಾಲುಗಳನ್ನು ಎಲ್ಲರೂ ಸರಿಯಾದ ಜಾಗದಲ್ಲಿಯೇ ಇಡುತ್ತಾರೆ. ಬಿಜೈಯ ಚಿತ್ರದಲ್ಲಿ ಸೋಫಾವನ್ನು 120 ಪ್ರತಿಶತಕ್ಕೆ ಹಿಗ್ಗಿಸಿ ಮುಂಗಾಲು ಸರಿಯಾಗಿ ಇಟ್ಟ ಮೇಲೆ ಹಿಂಗಾಲಿನ ಬುಡ ಮುಂಗಾಲಿನಿಂದ 60 ಪಿಕ್ಸೆಲ್ ಮಾತ್ರ ಮೇಲಿತ್ತು. ಆ ಹಾಲ್‌ನ ಫೋಟೊ ಹನ್ನೆರಡೂವರೆ ಅಡಿ ದೂರದಿಂದ ತೆಗೆದದ್ದಾದ್ದರಿಂದ, ನೆಲದಲ್ಲಿ ಎರಡೂವರೆ ಅಡಿ ಹಿಂದಿರುವ ಬಿಂದು 200 ಪಿಕ್ಸೆಲ್ ಮೇಲಿರಬೇಕು. 60 ಪಿಕ್ಸೆಲ್ ಎಂದರೆ ಅಲ್ಲಿ ಸುಮಾರು 8 ಇಂಚು. ಇದನ್ನು ಲೆಕ್ಕವಿಲ್ಲದೆಯೂ ಕಾಣಬಹುದು. ಟೈಲ್ಸ್ 2 ಅಡಿಯದ್ದಾದ್ದರಿಂದ ಮುಂಗಾಲಿಗೂ ಹಿಂಗಾಲಿಗೂ ನಡುವೆ ಒಂದು ಪೂರ್ತಿ ಟೈಲ್ಸ್ ಹಿಡಿದು ಇನ್ನೂ ಮಿಗಬೇಕು, ಇಲ್ಲಿ ಮೂರನೇ ಒಂದು ಭಾಗವೂ ಹಿಡಿದಿರಲಿಲ್ಲ. ನೆಲದ ಪ್ರಕಾರ ಸೋಫಾ ಒಂದು ಕಪಾಟಿನಷ್ಟೂ ಆಳವಿಲ್ಲದ ವಸ್ತು. ಹೀಗಿರುವಾಗ ನೆರಳನ್ನು ಎಷ್ಟು ಕಪ್ಪು ಮಾಡಿದರೂ ಸೋಫಾ ನೆಲಕ್ಕೆ ಇಳಿಯುವುದಿಲ್ಲ. ಮುಂದಿನ ಲಕ್ಷಣಕ್ಕೆ ಹೋಗಬೇಕು.

ಗೋಡೆಗೆ ಅಂಟಿಸಿದ ಪೋಸ್ಟರಿನಂತೆ ಕಾಣುತ್ತದೆ, ಸೀಟಿನ ಮೇಲೆ ಕೂರಲು ಜಾಗವೇ ಇಲ್ಲವೆನಿಸುತ್ತದೆ

ಇದು ಕಣ್ಮಟ್ಟದ ಗೆರೆಗಳು ಹೊಂದದಿರುವುದರ ನೇರ ಲಕ್ಷಣ. ಹಳೆಯ ಸೋಫಾವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಸೋಫಾದ ಬೆನ್ನಿನ ಮೇಲಂಚನ್ನು ಮಾತ್ರ ನೋಡಿ. ಬಿಜೈಯ ಹಳೆಯ ಸೋಫಾದ ಬೆನ್ನಿನ ಮೇಲೆ ಮನೆಯವರು ಕ್ರೋಶಾ ಹಾಸೊಂದನ್ನು ಹೊದೆಸಿದ್ದರು. ಫೋಟೊದಲ್ಲಿ ಆ ಹಾಸು ಬೆನ್ನಿನ ತಲೆಯ ಮೇಲೆ ಮಲಗಿ ಹಿಂದಕ್ಕೆ ಇಳಿಯುವುದು ಸ್ಪಷ್ಟವಾಗಿ ಕಾಣುತ್ತಿತ್ತು, ಅಂದರೆ ನಾವು ಬೆನ್ನನ್ನು ಮೇಲಿನಿಂದ ನೋಡುತ್ತಿದ್ದೆವು. ಹೊಸ ಸೋಫಾದ ಬೆನ್ನಾದರೋ ಒಂದು ಗೆರೆಯಲ್ಲಿ ಮುಗಿದುಹೋಗುತ್ತಿತ್ತು, ಅದರ ತಲೆ ಕಾಣುತ್ತಲೇ ಇರಲಿಲ್ಲ. ಕ್ಯಾಮೆರಾ ಎರಡೂವರೆ ಅಡಿಯಲ್ಲಿ, ಬೆನ್ನು 3 ಅಡಿಯಲ್ಲಿ ಇದ್ದಾಗ ಅದು ಕಾಣುವುದು ಸಾಧ್ಯವೂ ಇಲ್ಲ. ಸೀಟಿನದ್ದೂ ಇದೇ ಕಥೆ. ಒಂದೂವರೆ ಅಡಿ ಎತ್ತರದ ಸೀಟನ್ನು ಅಂಗಡಿಯ ಕ್ಯಾಮೆರಾ 1 ಅಡಿ ಮೇಲಿನಿಂದ ನೋಡಿದೆ, ಹಾಲ್‌ನ ಕ್ಯಾಮೆರಾ ಮೂರೂವರೆ ಅಡಿ ಮೇಲಿನಿಂದ ನೋಡುತ್ತಿದೆ. ಹಾಗಾಗಿ ಅಗಲವಾಗಿ ಹರಡಿ ಕಾಣಬೇಕಾದ ಸೀಟು ಒಂದು ಪಟ್ಟಿಯಷ್ಟೇ ಆಗಿ ಉಳಿದಿದೆ.

ಇಲ್ಲಿ ಪರ್ಸ್‌ಪೆಕ್ಟಿವ್ ಸಾಧನವನ್ನು ತೆಗೆದುಕೊಂಡು ಮೂಲೆಗಳನ್ನು ಎಳೆಯುವುದು ವ್ಯರ್ಥ. ಆ ಸಾಧನ ಚಿತ್ರವನ್ನು ಒಂದು ಚಪ್ಪಟೆ ಹಾಳೆಯೆಂದು ಎಣಿಸಿ ಓರೆ ಮಾಡುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರ್, ನೆಲದ ಕಾರ್ಪೆಟ್ ಇಂಥವಕ್ಕೆ ಅದು ಸರಿ. ಸೋಫಾದಲ್ಲಿ ಮುಂಭಾಗ, ಸೀಟು, ಬೆನ್ನು ಎಂದು ಬೇರೆ ಬೇರೆ ದಿಕ್ಕಿನ ಮೇಲ್ಮೈಗಳಿವೆ. ಸೀಟು ಅಗಲವಾಗಬೇಕಾದಷ್ಟು ಎಳೆದರೆ ಮುಂಭಾಗವೂ ಎತ್ತರವಾಗುತ್ತದೆ. ಇನ್ನು ಅಂಗಡಿಯ ಕ್ಯಾಮೆರಾ ನೋಡದೇ ಇದ್ದ ಬೆನ್ನಿನ ತಲೆಯನ್ನು ಯಾವ ಎಳೆತವೂ ತಂದುಕೊಡಲಾರದು.

ಪರಿಹಾರ ಸುಲಭದ್ದು, ಖರ್ಚಿಲ್ಲದ್ದು, ಆದರೂ ಬಹಳ ಮಂದಿಗೆ ಹೊಳೆಯದೆ ಹೋಗುತ್ತದೆ. ಅಂಗಡಿಯ ಕ್ಯಾಮೆರಾವನ್ನು ಮೇಲಕ್ಕೆತ್ತಲು ನಮ್ಮಿಂದಾಗದು, ನಮ್ಮ ಕ್ಯಾಮೆರಾವನ್ನು ಕೆಳಗಿಳಿಸಬಹುದು. ಒಂದು ಸ್ಟೂಲಿನ ಮೇಲೆ ಪುಸ್ತಕಗಳನ್ನು ಪೇರಿಸಿ, ಲೆನ್ಸ್ ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ ಬರುವಂತೆ ಮೊಬೈಲನ್ನು ನೇರವಾಗಿ ನಿಲ್ಲಿಸಿ ಹಾಲ್‌ನ ಫೋಟೊವನ್ನು ಮತ್ತೆ ತೆಗೆಯಬೇಕು. ಮೊಬೈಲನ್ನು ಕೆಳಗೆ ಬಾಗಿಸಬಾರದು. ಬಾಗಿಸಿದರೆ ಬಾಗಿಲಿನ ದಾರಂದ, ಗೋಡೆಯ ಮೂಲೆ ಇವೆಲ್ಲ ಕೆಳಗೆ ಹೋದಂತೆ ಹತ್ತಿರ ಸರಿಯುತ್ತವೆ, ಆಗ ನೇರವಾಗಿ ನಿಂತ ಸೋಫಾ ಅವುಗಳ ನಡುವೆ ಹೊಂದುವುದಿಲ್ಲ, ಮೇಲಿನ ಅಡಿ ಲೆಕ್ಕವೂ ಸ್ವಲ್ಪ ತಪ್ಪುತ್ತದೆ. ಗ್ರಿಡ್ ಗೆರೆಗಳನ್ನು ಹಾಕಿಕೊಂಡು ದಾರಂದವು ಅವಕ್ಕೆ ಸಮನಾಗಿದೆಯೇ ಎಂದು ನೋಡಿಕೊಂಡರೆ ಸಾಕು.

ಇದರ ಜೊತೆಗೆ ದೂರವನ್ನೂ ಗಮನಿಸಬೇಕು. ಅಂಗಡಿಯ ಚಿತ್ರದಲ್ಲಿ ಮುಂಗಾಲುಗಳ ನಡುವೆ 1200 ಪಿಕ್ಸೆಲ್, ಹಿಂಗಾಲುಗಳ ನಡುವೆ 1080 ಇತ್ತು. ಎರಡೂವರೆ ಅಡಿ ಹಿಂದೆ ಹೋದಾಗ ಹತ್ತನೇ ಒಂದು ಭಾಗವಷ್ಟೇ ಕುಗ್ಗಿದೆ ಎಂದರೆ ಕ್ಯಾಮೆರಾ ಸುಮಾರು ಇಪ್ಪತ್ತೆರಡೂವರೆ ಅಡಿ ದೂರದಲ್ಲಿತ್ತು. ಹಾಲ್‌ನ ಮೊದಲ ಫೋಟೊ ಹನ್ನೆರಡೂವರೆ ಅಡಿ ದೂರದಿಂದ ತೆಗೆದದ್ದು, ಅಲ್ಲಿ ಆರನೇ ಒಂದು ಭಾಗ ಕುಗ್ಗುತ್ತದೆ. ಆದ್ದರಿಂದ ಎರಡನೆಯ ಸಲ ಸ್ಟೂಲನ್ನು ಹೊಸ್ತಿಲಿನವರೆಗೂ ಹಿಂದಕ್ಕೆ ಒಯ್ದು 14 ಅಡಿ ಮಾಡಲಾಯಿತು. ಫ್ಲ್ಯಾಟಿನಲ್ಲಿ ಅದಕ್ಕಿಂತ ಹಿಂದೆ ಹೋಗಲು ಜಾಗವಿಲ್ಲ. ಈ ಫೋಟೊದಲ್ಲಿ ಹಿಂಗಾಲು ಮುಂಗಾಲಿಗಿಂತ 81 ಪಿಕ್ಸೆಲ್ ಮೇಲಿರಬೇಕಿತ್ತು, ಕೂರಿಸಿದ ಸೋಫಾದಲ್ಲಿ 54 ಇತ್ತು. ಆ ವ್ಯತ್ಯಾಸವನ್ನು ಹಾಗೆಯೇ ಬಿಟ್ಟೆ. ಹಿಂಗಾಲು ಸೋಫಾದ ಅಡಿಯ ಕತ್ತಲೆಯಲ್ಲಿರುತ್ತದೆ. ಬೆನ್ನಿನ ತಲೆ, ಸೀಟು, ಕೈ ಇವೆಲ್ಲ ಹೊಂದಿದ ಮೇಲೆ ಕಣ್ಣು ಅಲ್ಲಿಗೆ ಹೋಗುವುದಿಲ್ಲ.

ಫೋಟೊವನ್ನು ಆಮೇಲೆ ಕ್ರಾಪ್ ಮಾಡಿದರೆ ದೂರದಿಂದ ತೆಗೆದಂತೆ ಆಗುತ್ತದೆ ಎಂಬ ನಂಬಿಕೆ ಇದೆ. ಅದು ಸರಿಯಲ್ಲ. ಪರ್ಸ್‌ಪೆಕ್ಟಿವ್ ನಿರ್ಧಾರವಾಗುವುದು ಕ್ಯಾಮೆರಾ ನಿಂತ ಜಾಗದಿಂದ, ಕ್ರಾಪ್‌ನಿಂದ ಅಲ್ಲ.

ಸೋಫಾ ಗೋಡೆಗೆ ಸಮನಾಗಿಲ್ಲ, ಒಂದು ಬದಿ ಮುಂದೆ ಬಂದಂತೆ ಕಾಣುತ್ತದೆ

ಹಿಂದಿನ ಗೋಡೆಯ ಸ್ಕರ್ಟಿಂಗ್ ಫೋಟೊದಲ್ಲಿ ಅಡ್ಡಕ್ಕೆ ಸರಿಯಾಗಿದೆಯೇ, ಓರೆಯಾಗಿದೆಯೇ ನೋಡಿ. ಓರೆಯಾಗಿದ್ದರೆ ಫೋಟೊ ತೆಗೆದವರು ಗೋಡೆಗೆ ನೇರವಾಗಿ ನಿಂತಿರಲಿಲ್ಲ. ಓರೆ ತೀರಾ ಕಡಿಮೆಯಾಗಿದ್ದರೆ ಇಲ್ಲಿ ಪರ್ಸ್‌ಪೆಕ್ಟಿವ್ ಸಾಧನ (Shift+P) ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಸೋಫಾದ ಒಂದು ಬದಿಯ ಎರಡು ಮೂಲೆಗಳನ್ನು ಸ್ವಲ್ಪವೇ ಹತ್ತಿರ ತಂದು, ಕೆಳಗಿನ ಅಂಚನ್ನು ಸ್ಕರ್ಟಿಂಗ್‌ನ ಓರೆಗೆ ಹೊಂದಿಸಬಹುದು. ಓರೆ ಜಾಸ್ತಿ ಇದ್ದರೆ ಮತ್ತೆ ಫೋಟೊ ತೆಗೆಯುವುದೇ ಸರಿ.

ಇದಕ್ಕಿಂತ ಹೆಚ್ಚಾಗಿ ಕಣ್ಣುತಪ್ಪುವುದು ಕೈಗಳ ಹೊರಮೈ. ನೇರ ಎದುರಿನಿಂದ ತೆಗೆದ ಅಂಗಡಿಯ ಚಿತ್ರದಲ್ಲಿ ಎರಡು ಕೈಗಳ ಒಳಮೈಗಳು ಮಾತ್ರ ಕಾಣುತ್ತವೆ. ಕೋಣೆಯ ಫೋಟೊದಲ್ಲಿ ಸೋಫಾ ಪೂರ್ತಿಯಾಗಿ ಎಡ ಅರ್ಧದಲ್ಲಿ ಇದ್ದರೆ ಅದರ ಬಲಗಡೆಯ ಕೈಯ ಹೊರಮೈ ನಮಗೆ ಕಾಣಲೇಬೇಕು, ಬಲ ಅರ್ಧದಲ್ಲಿದ್ದರೆ ಎಡಗಡೆಯದ್ದು. ಅದು ಕಾಣದ ಚಿತ್ರವನ್ನು ಅಲ್ಲಿ ಕೂರಿಸಿದರೆ ಸೋಫಾ ನಮ್ಮ ಕಡೆಗೆ ತಿರುಗಿದಂತೆ ತೋರುತ್ತದೆ. ಕ್ಯಾಮೆರಾವನ್ನು ಸೋಫಾದ ನಡುವಿಗೆ ನೇರವಾಗಿ ಇಟ್ಟು ಫೋಟೊ ತೆಗೆಯುವುದು ಇದಕ್ಕೆ ಪರಿಹಾರ. ಓರೆಯಾಗಿ ತೆಗೆದ ಉತ್ಪನ್ನದ ಚಿತ್ರವನ್ನು ಎಡ ಬಲ ಮಗುಚಿ ಬಳಸಬಹುದು, ಆದರೆ L ಆಕಾರದ ಸೋಫಾವನ್ನು ಮಗುಚಿದರೆ ಉದ್ದದ ಭಾಗ ಇನ್ನೊಂದು ಕಡೆಗೆ ಹೋಗಿ ನೀವು ನೋಡುತ್ತಿರುವುದು ಅಂಗಡಿಯಲ್ಲಿ ಇಲ್ಲದ ಸೋಫಾ ಆಗಿಬಿಡಬಹುದು.

ಎಲ್ಲ ಲೆಕ್ಕ ಸರಿಯಿದೆ, ಆದರೂ ಸೋಫಾ ಕುಗ್ಗಿದಂತೆ, ಕೋಣೆ ಹಿಗ್ಗಿದಂತೆ ಕಾಣುತ್ತದೆ

ಕೋಣೆಯ ಫೋಟೊವನ್ನು 0.5x ಲೆನ್ಸಿನಲ್ಲಿ ತೆಗೆಯಲಾಗಿದೆಯೇ ಎಂದು ಗ್ಯಾಲರಿಯಲ್ಲಿ ಫೋಟೊದ ವಿವರ ತೆರೆದು ನೋಡಿ. ಸಣ್ಣ ಹಾಲ್ ಪೂರ್ತಿ ಬರಲೆಂದು ಅದನ್ನು ಬಳಸುವುದು ರೂಢಿ. ಆ ಲೆನ್ಸ್ ಚಿತ್ರದ ಅಂಚಿನ ಕಡೆಗಿರುವ ವಸ್ತುಗಳನ್ನು ಹೊರಕ್ಕೆ ಎಳೆದು ಅಗಲ ಮಾಡುತ್ತದೆ. ಅಂಚಿನ ಟೀಪಾಯಿ, ಫ್ಯಾನು, ಹೂಕುಂಡ ಎಲ್ಲ ಹಿಗ್ಗಿರುವಾಗ ನಡುವೆ ಹಿಗ್ಗದ ಸೋಫಾ ಒಂದೇ ಕುಗ್ಗಿದಂತೆ ಕಾಣುತ್ತದೆ. ಸೋಫಾವನ್ನೂ ಹಿಗ್ಗಿಸಲು ಹೋಗಬೇಡಿ. 1x ನಲ್ಲಿ, ಜಾಗವಿದ್ದರೆ ಹಿಂದೆ ಸರಿದು 2x ನಲ್ಲಿ, ಮತ್ತೆ ತೆಗೆಯಿರಿ.

ಯಾವಾಗ ಕೈಬಿಡಬೇಕು, ಯಾರ ನೆರವು ಕೇಳಬೇಕು

ಹಳೆಯ ಫೋಟೊ ಒಂದೇ ಇದ್ದು ಮತ್ತೆ ತೆಗೆಯುವ ಅವಕಾಶವಿಲ್ಲದಿದ್ದರೆ, ಮತ್ತು ಎರಡು ಕ್ಯಾಮೆರಾಗಳ ಎತ್ತರದಲ್ಲಿ ಅರ್ಧ ಅಡಿಗಿಂತ ಹೆಚ್ಚಿನ ವ್ಯತ್ಯಾಸವಿದ್ದರೆ, ಆ ಚಿತ್ರದೊಂದಿಗೆ ಗುದ್ದಾಡುವುದನ್ನು ನಿಲ್ಲಿಸಿ ಬೇರೆ ಚಿತ್ರ ಹುಡುಕಬೇಕು. ಅರ್ಧ ಅಡಿ ಎಂಬುದು ನನ್ನ ಅನುಭವದ ಮಿತಿ, ಶಾಸ್ತ್ರವಲ್ಲ. ಅದೇ ಸೋಫಾದ ಚಿತ್ರ ಸ್ವಲ್ಪ ಮೇಲಿನಿಂದ ತೆಗೆದದ್ದು ಇದೆಯೇ ಎಂದು ಅಂಗಡಿಯವರನ್ನು ಕೇಳಿ. ಕೆಲವು ಅಂಗಡಿಗಳ ಪುಟದಲ್ಲಿ ಸೋಫಾವನ್ನು ಬೆರಳಿನಿಂದ ತಿರುಗಿಸಿ ನೋಡುವ 3ಡಿ ಮಾದರಿ ಇರುತ್ತದೆ. ಅದನ್ನು ಬೆನ್ನಿನ ತಲೆ ಮತ್ತು ಸೀಟು ಹಳೆಯ ಸೋಫಾದಲ್ಲಿ ಕಾಣುವಷ್ಟೇ ಕಾಣುವವರೆಗೆ ಮೇಲಕ್ಕೆ ತಿರುಗಿಸಿ, ಸ್ಕ್ರೀನ್‌ಶಾಟ್ ತೆಗೆದುಕೊಂಡರೆ ಕೆಲಸ ಮುಗಿದಂತೆ.

ಇದೂ ಇಲ್ಲದಿದ್ದರೆ 3ಡಿ ತಿಳಿದವರ ಕೈಗೆ ಕೊಡಬೇಕು. fSpy ಎಂಬ ಉಚಿತ ತಂತ್ರಾಂಶವು ಫೋಟೊದಲ್ಲಿನ ಗೆರೆಗಳಿಂದ ಕ್ಯಾಮೆರಾದ ಜಾಗವನ್ನು ಕಂಡುಹಿಡಿದುಕೊಡುತ್ತದೆ, ಅದನ್ನು Blender ಎಂಬ 3ಡಿ ತಂತ್ರಾಂಶಕ್ಕೆ ಒಯ್ದು ಸೋಫಾದ ಮಾದರಿಯನ್ನು ಅದೇ ಕ್ಯಾಮೆರಾದಿಂದ ಚಿತ್ರಿಸಬಹುದು. ಅವರಿಗೆ ಕ್ರಾಪ್ ಮಾಡದ ಮೂಲ ಫೋಟೊವನ್ನೇ ಕೊಡಿ, ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ. ಕ್ರಾಪ್ ಆದ ಫೋಟೊದಲ್ಲಿ ಚಿತ್ರದ ನಡುಬಿಂದು ಎಲ್ಲಿತ್ತೆಂದು ತಿಳಿಯದೆ ಆ ಲೆಕ್ಕ ತಪ್ಪುತ್ತದೆ. ಟೈಲ್ಸ್‌ನ ಅಳತೆಯನ್ನೂ ಬಾಗಿಲಿನ ಎತ್ತರವನ್ನೂ ಟೇಪಿನಲ್ಲಿ ಅಳೆದು ಬರೆದುಕೊಡಿ.

ಚಿತ್ರ ಎಷ್ಟೇ ಚೆನ್ನಾಗಿ ಹೊಂದಿದರೂ ಅದರ ಆಧಾರದ ಮೇಲೆ ಮುಂಗಡ ಕೊಡಬಾರದು. ಹಾಲ್‌ನಲ್ಲಿ ಸೋಫಾ ಹಿಡಿಸುವುದು ಬೇರೆ, ಮೆಟ್ಟಿಲಿನ ತಿರುವಿನಲ್ಲಿ, ಲಿಫ್ಟಿನಲ್ಲಿ, ಮುಂಬಾಗಿಲಿನಲ್ಲಿ ಅದು ಒಳಗೆ ಬರುವುದು ಬೇರೆ. ಇದನ್ನು ಫೋಟೊ ಹೇಳುವುದಿಲ್ಲ. ಇನ್ನು ಮನೆಯನ್ನು ಬಾಡಿಗೆಗೋ ಮಾರಾಟಕ್ಕೋ ತೋರಿಸುವಾಗ ಇಂಥ ಚಿತ್ರವನ್ನು ಬಳಸುವುದಾದರೆ ಸೋಫಾ ಫೋಟೊದಲ್ಲಿ ಸೇರಿಸಿದ್ದು ಎಂದು ಅದರ ಕೆಳಗೇ ಬರೆಯಬೇಕು, ಮತ್ತು ಅಂಗಡಿಯವರ ಚಿತ್ರವನ್ನು ಹಾಗೆ ಬಳಸಲು ಅವರ ಒಪ್ಪಿಗೆ ಕೇಳಬೇಕು.